ರಸ್ತೆ ಧೂಳಿಗೆ ನೀರೋ, ತಾಡಪಾಲೋ, ಡಾಂಬರು ಅಂಚೋ? ಕರಾವಳಿ ಮತ್ತು ಘಟ್ಟದ ಊರುಗಳಿಗೆ ಒಂದು ಹೋಲಿಕೆ

ಅಂಕೋಲಾದಿಂದ ಹೊನ್ನಾವರದವರೆಗಿನ ಹೆದ್ದಾರಿ ಬದಿಯ ಅಂಗಡಿಯವರು, ಕುಮಟಾ–ಶಿರಸಿ ರಸ್ತೆ ಪಕ್ಕದ ಮನೆಯವರು, ಗ್ರಾಮ ಪಂಚಾಯಿತಿ ಸದಸ್ಯರು, ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಧೂಳಿಗೆ ಟ್ಯಾಂಕರ್ ನೀರು ಹೊಡೆಸಲು ಒತ್ತಾಯಿಸಬೇಕೋ, ಟಿಪ್ಪರುಗಳಿಗೆ ತಾಡಪಾಲು ಕಟ್ಟಿಸಬೇಕೋ, ಅಥವಾ ರಸ್ತೆಯ ಮಣ್ಣಿನ ಅಂಚಿಗೆ ಡಾಂಬರು ಹಾಕಿಸಬೇಕೋ? ಮೂರನ್ನೂ ಒಟ್ಟಿಗೆ ಕೇಳಿದರೆ ಸಾಮಾನ್ಯವಾಗಿ ಸಿಗುವುದು ನೀರು ಮಾತ್ರ. ಅದು ಕಣ್ಣಿಗೆ ಕಾಣುತ್ತದೆ, ನಾಳೆಯೇ ಶುರು ಮಾಡಬಹುದು. ಆದರೆ ಎಷ್ಟೋ ಕಡೆ ಅದೇ ತಪ್ಪು ಆಯ್ಕೆ.

ಹಾಗಾಗಿ ಆಯ್ಕೆಗೆ ಮೊದಲು ನಾಲ್ಕು ಸಂಗತಿ ನೋಡಿಕೊಳ್ಳಿ. ಧೂಳು ಹುಟ್ಟುವುದು ಎಲ್ಲಿ? ಅದು ಎಷ್ಟು ಕಾಲದ ತೊಂದರೆ, ಒಂದು ತಿಂಗಳದೋ, ಒಂದು ಬೇಸಿಗೆಯದೋ, ವರ್ಷವರ್ಷದ್ದೋ? ನೀರು ಎಲ್ಲಿಂದ ಬರುತ್ತದೆ? ಮಳೆಗಾಲ ಬಂದರೆ ಮಾಡಿದ ಕೆಲಸ ಉಳಿಯುತ್ತದೆಯೇ? ದುಡ್ಡಿನ ಪ್ರಶ್ನೆ ಇವುಗಳ ಹಿಂದೆಯೇ ಬರುತ್ತದೆ. ಈ ನಾಲ್ಕರಲ್ಲಿ ಮೊದಲನೆಯದೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಧೂಳಿನ ಬಣ್ಣವೇ ಸಾಕ್ಷಿ

ನಮ್ಮ ಜಿಲ್ಲೆಯಲ್ಲಿ ಧೂಳಿನ ಮೂಲ ಹಿಡಿಯುವುದು ಸುಲಭ. ಇಲ್ಲಿನ ಮಣ್ಣು ಕೆಂಪು, ಕ್ರಷರಿನ ಪುಡಿ ಬೂದಿ ಬಣ್ಣ. ಒಂದು ಪೊರಕೆ, ಒಂದು ಬಿಳಿ ಕಾಗದ, ಅಡುಗೆಮನೆಯ ತಕ್ಕಡಿ ಸಾಕು. ಡಾಂಬರು ಮುಗಿದು ಮಣ್ಣು ಶುರುವಾಗುವ ಜಾಗದಲ್ಲಿ, ಡಾಂಬರಿನ ಮೇಲೆಯೇ, ಸೀಮೆಸುಣ್ಣದಿಂದ ಒಂದು ಮೀಟರ್ ಚೌಕ ಬರೆಯಿರಿ. ವಾಹನವಿಲ್ಲದ ಹೊತ್ತು ನೋಡಿ ಮೆತ್ತಗೆ ಗುಡಿಸಿ ಕಾಗದಕ್ಕೆ ಎತ್ತಿ. ಅದೇ ರೀತಿ ಕಟ್ಟಡ ಕೆಲಸದ ಗೇಟಿನ ಎದುರು ಒಂದು, ಹಂಪಿನ ಪಕ್ಕ ಒಂದು. ಹರಳನ್ನು ಆರಿಸಿ ತೆಗೆದು ಉಳಿದದ್ದನ್ನು ತೂಗಿ. ಆಮೇಲೆ ಒಂದು ಚಿಟಿಕೆಯನ್ನು ಬೆರಳ ನಡುವೆ ಉಜ್ಜಿ. ಬೆರಳಿನ ಗೆರೆಗಳೊಳಗೆ ಪೌಡರಿನಂತೆ ಕೂತು, ಊದಿದರೂ ಹೋಗದ ಭಾಗ ಇದೆಯಲ್ಲ, ಚಕ್ರ ಹೊರಳಿದಾಗ ಗಾಳಿಗೆ ಏಳುವುದು ಅದೇ.

ಅಂಚಿನ ಚೌಕದಲ್ಲಿ ಕೆಂಪು ಹೆಚ್ಚಿದ್ದರೆ ತೊಂದರೆ ಇರುವುದು ಮಣ್ಣಿನ ಅಂಚಿನಲ್ಲಿ, ಇಲ್ಲವೇ ಮಳೆಗಾಲದಲ್ಲಿ ಧರೆಯಿಂದ ತೊಳೆದು ಬಂದ ಮಣ್ಣಿನಲ್ಲಿ. ಹಂಪಿನ ಪಕ್ಕ ಬೂದಿ ಬಣ್ಣದ ಪುಡಿ, ನಡುವೆ ಸಣ್ಣ ಜಲ್ಲಿ ಬಿದ್ದಿದ್ದರೆ ಅದು ಲೋಡಿನಿಂದ ಚೆಲ್ಲಿದ್ದು. ಗೇಟಿನಿಂದ ಶುರುವಾಗಿ ಎರಡು ಪಟ್ಟೆಯಾಗಿ ಉದ್ದಕ್ಕೆ ಹೋಗಿ ಮಸುಕಾದರೆ ಚಕ್ರಕ್ಕೆ ಮೆತ್ತಿ ಬಂದ ಕೆಸರು.

ಈ ತೂಕಕ್ಕೆ ಬೆಲೆ ಇದೆ. ಡಾಂಬರು ರಸ್ತೆಯ ಧೂಳನ್ನು ಅಂದಾಜಿಸಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಎಪಿ-42 ಕೈಪಿಡಿಯ ಸೂತ್ರವನ್ನು ನಮ್ಮಲ್ಲಿಯೂ ಬಳಸುತ್ತಾರೆ. ಅದರ ಪ್ರಕಾರ ಒಂದು ಚದರ ಮೀಟರಿನ ಮೇಲೆ ಬಿದ್ದಿರುವ ನಯಪುಡಿ ಹತ್ತು ಪಟ್ಟಾದರೆ ಉಸಿರಾಟದೊಳಗೆ ಹೋಗುವ ಧೂಳು ಸುಮಾರು ಎಂಟು ಪಟ್ಟಾಗುತ್ತದೆ. ವಾಹನದ ತೂಕ ಹೆಚ್ಚಿದಷ್ಟೂ ಧೂಳೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಅಂದರೆ ರಸ್ತೆಯಲ್ಲಿ ಲಾರಿ ಓಡುವುದನ್ನು ನಿಲ್ಲಿಸಲಾಗದಿದ್ದರೂ ಬಿದ್ದ ಪುಡಿಯನ್ನು ಅರ್ಧಕ್ಕಿಳಿಸಿದರೆ ಏಳುವ ಧೂಳೂ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಮೂರು ಉಪಾಯಗಳನ್ನೂ ಇದೊಂದರಿಂದಲೇ ತೂಗಿ ನೋಡಬಹುದು: ಇದು ಬಿದ್ದ ಪುಡಿಯನ್ನು ಕಡಿಮೆ ಮಾಡುತ್ತದೆಯೋ, ಇಲ್ಲ ಸ್ವಲ್ಪ ಹೊತ್ತು ಹಿಡಿದಿಡುತ್ತದೆಯೋ?

ನೀರು: ಕಚ್ಚಾ ದಾರಿಗೆ, ಕೆಲವು ತಿಂಗಳಿಗೆ

ನೀರು ಧೂಳನ್ನು ತೆಗೆಯುವುದಿಲ್ಲ, ಕಣಗಳನ್ನು ಒಂದಕ್ಕೊಂದು ಅಂಟಿಸಿ ಸ್ವಲ್ಪ ಹೊತ್ತು ಕೂರಿಸುತ್ತದೆ. ಹೆದ್ದಾರಿ ಅಗಲೀಕರಣದಲ್ಲಿ ವಾಹನ ತಿರುಗಿಸಿದ ಕಚ್ಚಾ ದಾರಿ, ಸೇತುವೆ ಪಕ್ಕದ ತಾತ್ಕಾಲಿಕ ದಾರಿ, ಧರೆ ಕಡಿಯುತ್ತಿರುವ ಜಾಗ, ಇಂಥಲ್ಲಿ ಅದಕ್ಕೆ ಬದಲಿಯಿಲ್ಲ. ಮೂರು ತಿಂಗಳಿಗೆ ಅಲ್ಲಿ ಡಾಂಬರು ಹಾಕುವವರಿಲ್ಲ.

ಆದರೆ ಎಷ್ಟು ನೀರು? ಹೆಚ್ಚಿದ್ದರೆ ಒಳ್ಳೆಯದು ಎಂಬ ನಂಬಿಕೆಯೇ ಕೆಲಸ ಕೆಡಿಸುವುದು. ಎಪಿ-42 ಹೇಳುವಂತೆ ಕಚ್ಚಾ ರಸ್ತೆಯ ಮೇಲ್ಪದರದ ತೇವ ಇದ್ದದ್ದಕ್ಕಿಂತ ಎರಡು ಪಟ್ಟಾದಾಗಲೇ ಧೂಳು ಶೇಕಡಾ 75ರಷ್ಟು ಇಳಿಯುತ್ತದೆ. ಅದನ್ನು ಶೇಕಡಾ 95ಕ್ಕೆ ಒಯ್ಯಲು ತೇವ ಐದು ಪಟ್ಟಾಗಬೇಕು. ಅಷ್ಟು ನೀರು ಸುರಿದರೆ ನಮ್ಮ ಕೆಂಪು ಮಣ್ಣು ಕೆಸರಾಗಿ ಚಕ್ರಕ್ಕೆ ಮೆತ್ತಿ ಪಕ್ಕದ ಡಾಂಬರಿಗೆ ಹೋಗಿ ಒಣಗುತ್ತದೆ. ಕಚ್ಚಾ ದಾರಿಯ ಧೂಳು ಕಡಿಮೆಯಾಯಿತೆಂದು ನೆಮ್ಮದಿಯಾಗುವ ಹೊತ್ತಿಗೆ ಅರ್ಧ ಕಿಲೋಮೀಟರ್ ಆಚೆಯ ಅಂಗಡಿಗೆ ಹೊಸ ಧೂಳು ಶುರುವಾಗಿರುತ್ತದೆ. ಚದರ ಮೀಟರಿಗೆ ಅರ್ಧದಿಂದ ಮುಕ್ಕಾಲು ಲೀಟರ್, ಬಿಸಿಲಿನಲ್ಲಿ ಎರಡು ಗಂಟೆಗೊಮ್ಮೆ: ಇದು ಒಮ್ಮೆಲೇ ಎರಡು ಲೀಟರ್ ಸುರಿಯುವುದಕ್ಕಿಂತ ಎಷ್ಟೋ ಮೇಲು. ಟ್ಯಾಂಕರ್ ಹೋದ ಮೇಲೆ ನೆಲ ಗಾಢ ಬಣ್ಣಕ್ಕೆ ತಿರುಗಿರಬೇಕು, ಚಪ್ಪಲಿಗೆ ಅಂಟಬಾರದು, ಗುಂಡಿಯಲ್ಲಿ ನೀರು ನಿಂತಿರಬಾರದು. ನಿಂತಿದೆಯೆಂದರೆ ಹೆಚ್ಚಾಯಿತು.

ಟ್ರ್ಯಾಕ್ಟರ್ ಟ್ಯಾಂಕರಿನ ಹಿಂದೆ ತೂತು ಕೊರೆದ ಪೈಪು ಕಟ್ಟಿ ನೀರು ಬಿಡುವುದು ಇಲ್ಲಿನ ರೂಢಿ. ಅದರಲ್ಲೊಂದು ದೋಷವಿದೆ. ಪಂಪಿಲ್ಲದೆ ತನ್ನ ಭಾರಕ್ಕೆ ತಾನೇ ಇಳಿಯುವ ನೀರು ಟ್ಯಾಂಕರ್ ತುಂಬಿದ್ದಾಗ ಜೋರಾಗಿ ಬೀಳುತ್ತದೆ, ಖಾಲಿಯಾಗುತ್ತ ಬಂದಂತೆ ತೊಟ್ಟಿಕ್ಕುತ್ತದೆ. ಹಾಗಾಗಿ ಮೊದಲ ನೂರು ಮೀಟರ್ ಕೆಸರು, ಕೊನೆಯ ನೂರು ಮೀಟರ್ ಒಣಗಲು. ಚಾಲಕರಿಗೆ ಹೇಳಬೇಕಾದದ್ದು ಇಷ್ಟೇ: ಶುರುವಿನಲ್ಲಿ ವೇಗವಾಗಿ, ಕೊನೆಗೆ ನಿಧಾನವಾಗಿ ಹೋಗಿ, ಮುಂದಿನ ಸುತ್ತನ್ನು ಇನ್ನೊಂದು ತುದಿಯಿಂದ ಶುರು ಮಾಡಿ. ಸಣ್ಣ ಪಂಪು ಜೋಡಿಸಿದರೆ ಈ ತಾಪತ್ರಯವೇ ಇಲ್ಲ. ತೂತುಗಳಿಗೆ ಕಸ ಕಟ್ಟಿಕೊಂಡು ಪಟ್ಟೆಪಟ್ಟೆಯಾಗಿ ನೆನೆಯುವುದು ಇನ್ನೊಂದು ಕಾಟ. ಪೈಪಿನ ತುದಿಗೆ ಬಿಚ್ಚುವ ಮುಚ್ಚಳವಿದ್ದರೆ ವಾರಕ್ಕೊಮ್ಮೆ ತೊಳೆಯಬಹುದು.

ಹೊತ್ತು ಗೊತ್ತು ಮಾಡಲು ನಮ್ಮ ಗಾಳಿಯನ್ನು ನೋಡಬೇಕು. ಕರಾವಳಿಯಲ್ಲಿ ರಾತ್ರಿಯ ಇಬ್ಬನಿ ಬೆಳಿಗ್ಗೆ ಸ್ವಲ್ಪ ಹೊತ್ತು ನೆಲವನ್ನು ತಂಪಾಗಿಡುತ್ತದೆ. ಆರು ಗಂಟೆಗೇ ನೀರು ಹೊಡೆಯುವುದು ದಂಡ. ಮೊದಲ ಸುತ್ತು ಒಂಬತ್ತಕ್ಕೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಶುರುವಾಗಿ ಸಂಜೆಯವರೆಗೂ ಬೀಸುತ್ತದೆ, ಹೆದ್ದಾರಿಯೋ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಹೋಗಿದೆ. ಹಾಗಾಗಿ ಹಗಲಿನ ಧೂಳೆಲ್ಲ ಪೂರ್ವದ ಬದಿಯ ಮನೆಗಳಿಗೆ ನುಗ್ಗುತ್ತದೆ. ಪಶ್ಚಿಮದ ಬದಿಯಲ್ಲಿ ನಿಂತು ನೋಡಿ ಧೂಳಿಲ್ಲ ಎಂದು ಬರೆದುಕೊಂಡು ಹೋಗುವವರಿಗೆ ರಸ್ತೆ ದಾಟಿಸಿ ತೋರಿಸಿ. ಘಟ್ಟದ ಮೇಲೆ ಶಿರಸಿ ಕಡೆ ಡಿಸೆಂಬರಿನಿಂದಲೇ ಒಣಹವೆ. ಅಂಗಳದಲ್ಲಿ ಅಡಿಕೆ ಒಣಗುವ ಕಾಲವೂ ಅದೇ. ಅಲ್ಲಿ ಸುತ್ತುಗಳನ್ನು ಹಗಲಿನ ಒಣ ಹೊತ್ತಿಗೆ ಹೊಂದಿಸಬೇಕು, ಕರಾವಳಿಯ ವೇಳಾಪಟ್ಟಿ ಅಲ್ಲಿಗೆ ನಡೆಯುವುದಿಲ್ಲ.

ಇನ್ನು ನೀರಿನ ಮೂಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಎಷ್ಟೋ ಬಾವಿಗಳು ತಳ ಕಾಣುತ್ತವೆ, ಹೊಳೆಯ ಬದಿಯವು ಉಪ್ಪಾಗುತ್ತವೆ. ಕುಡಿಯುವ ನೀರಿನ ಬಾವಿಯಿಂದ ರಸ್ತೆಗೆ ಹೊಡೆಯುವುದನ್ನು ಯಾರೂ ಒಪ್ಪಬಾರದು. ಹಳೆಯ ಚಿರೆಕಲ್ಲಿನ ಕ್ವಾರಿ ಗುಂಡಿಯಲ್ಲಿ ನಿಂತ ಮಳೆನೀರು, ಶುದ್ಧೀಕರಿಸಿದ ಕೊಳಚೆ ನೀರು ಇದಕ್ಕೆ ತಕ್ಕವು. ಉಪ್ಪುನೀರು ನೆಲವನ್ನು ಹೆಚ್ಚು ಹೊತ್ತು ತೇವವಾಗಿಡುವುದು ನಿಜ. ಆದರೆ ಕಬ್ಬಿಣದ ಸರಳು ಕಟ್ಟಿಟ್ಟ ಸೇತುವೆ ಕೆಲಸದ ಪಕ್ಕ ಅದನ್ನು ಹೊಡೆದರೆ ಸರಳಿಗೆ ತುಕ್ಕು, ಮರಳು ನೆಲದಲ್ಲಿ ಹೊಡೆದರೆ ಪಕ್ಕದ ಬಾವಿಗೆ ಉಪ್ಪು. ಖಾರಿಯ ನೀರು ತುಂಬಿಕೊಂಡು ಬರುವ ಟ್ಯಾಂಕರನ್ನು ಬೆರಳದ್ದಿ ನಾಲಿಗೆಗೆ ಇಟ್ಟೇ ಗುರುತಿಸಬಹುದು.

ತಾಡಪಾಲು: ಅತಿ ಅಗ್ಗ, ಆದರೆ ಕಟ್ಟುವ ಜಾಗ ಮುಖ್ಯ

ಬೂದಿ ಬಣ್ಣದ ಪುಡಿ ನಿಮ್ಮ ಕಾಗದದಲ್ಲಿ ಹೆಚ್ಚು ಸಿಕ್ಕಿದ್ದರೆ ಮೊದಲು ಬೇಕಾದದ್ದು ಇದು. ಎಂ-ಸ್ಯಾಂಡ್, ಜಲ್ಲಿಪುಡಿ, ಕೆಂಪು ಮಣ್ಣು ಹೊತ್ತ ಟಿಪ್ಪರುಗಳು ಚೆಲ್ಲುತ್ತಲೇ ಇದ್ದರೆ ನೀರು ಹೊಡೆದಷ್ಟೂ ಆ ಪುಡಿ ಗಾರೆಯಂತೆ ಡಾಂಬರಿಗೆ ಹತ್ತುತ್ತದೆ.

ತಾಡಪಾಲು ಹೊದೆಸುವುದರಲ್ಲೂ ಸರಿ ತಪ್ಪು ಇದೆ. ಲೋಡು ಗುಪ್ಪೆಯಾಗಿದ್ದರೆ ಹೊದಿಕೆ ನಿಲ್ಲುವುದಿಲ್ಲ. ಪಕ್ಕದ ಹಲಗೆಗಿಂತ ಸುಮಾರು 15 ಸೆಂಟಿಮೀಟರ್ ಕೆಳಗೆ ಲೋಡು ಮುಗಿಯಬೇಕು. ತಾಡಪಾಲು ಎರಡು ಬದಿಗೂ ಹಿಂದಕ್ಕೂ ಒಂದಡಿಯಾದರೂ ಇಳಿಬಿದ್ದು ಕೊಕ್ಕೆಗೆ ಬಿಗಿದಿರಬೇಕು. ಮುಂದೆ ಮಾತ್ರ ಕಟ್ಟಿ ಹಿಂದೆ ಬಿಟ್ಟರೆ ಗಾಳಿಗೆ ಅದು ಬೀಸಣಿಗೆಯಾಗುತ್ತದೆ, ಇಲ್ಲದ ಧೂಳನ್ನೂ ಎಬ್ಬಿಸುತ್ತದೆ. ಹಸಿರು ಬಲೆ ಹೊದೆಸಿ ಕೆಲಸವಾಯಿತು ಎನ್ನುವವರಿದ್ದಾರೆ. ಜಲ್ಲಿಗೆ ಅದು ಸಾಕು, ಎಂ-ಸ್ಯಾಂಡಿನ ನಯಪುಡಿ ಅದರ ಕಣ್ಣಿನಿಂದ ಸಲೀಸಾಗಿ ಹೊರಗೆ ಹೋಗುತ್ತದೆ.

ಎಲ್ಲರ ಕಣ್ಣು ತಪ್ಪುವುದು ಹಿಂಬಾಗಿಲು. ಸವೆದು ಬಾಗಿದ ಟಿಪ್ಪರ್ ಬಾಗಿಲಿನ ಕೆಳಸಂದಿನಿಂದ ಪುಡಿ ಗೆರೆ ಎಳೆದಂತೆ ಸುರಿಯುತ್ತದೆ. ಮೇಲೆ ಎಷ್ಟು ಚೆನ್ನಾಗಿ ಹೊದೆಸಿದ್ದರೂ ಇದು ನಿಲ್ಲದು. ಸಂದಿಗೆ ಹಳೆಯ ಟಯರಿನ ರಬ್ಬರ್ ಪಟ್ಟಿ ಬೋಲ್ಟ್ ಹಾಕಿದರೆ ಸಾಕು. ಇಳಿಸಿ ಬರುವ ಖಾಲಿ ಗಾಡಿಯೂ ಲೆಕ್ಕಕ್ಕಿದೆ. ತಳದಲ್ಲಿ ಉಳಿದ ಪುಡಿ ವೇಗಕ್ಕೆ ಹಾರುತ್ತದೆ. ಇಳಿಸಿದ ಜಾಗದಲ್ಲೇ ಕೆರೆದು ಬರಬೇಕು.

ಇದೆಲ್ಲ ಆಗಬೇಕಾದದ್ದು ಕ್ರಷರ್ ಅಥವಾ ಕ್ವಾರಿಯ ಗೇಟಿನಲ್ಲಿ, ನಿಮ್ಮ ಊರಿನ ಎದುರಲ್ಲಿ ಅಲ್ಲ. ತೂಕದ ಚೀಟಿ ಕೊಡುವವರು ತಾಡಪಾಲು ನೋಡಿಯೇ ಚೀಟಿ ಕೊಟ್ಟರೆ ನಿಯಮ ನಿಲ್ಲುತ್ತದೆ. ದಾರಿಯಲ್ಲಿ ತಡೆದು ಕೇಳುವ ವ್ಯವಸ್ಥೆ ನಾಲ್ಕು ದಿನ ನಡೆದು ಸೊರಗುತ್ತದೆ. ಊರಿನವರು ಮಾಡಬಹುದಾದದ್ದು ಎಣಿಕೆ: ಹಂಪಿನ ಹತ್ತಿರ ಒಂದು ಗಂಟೆ ನಿಂತು ಬಂದ ಟಿಪ್ಪರೆಷ್ಟು, ಹೊದೆಸಿದ್ದೆಷ್ಟು, ಹಿಂದಿನಿಂದ ಸುರಿಯುತ್ತಿದ್ದದ್ದೆಷ್ಟು ಎಂದು ಬರೆದುಕೊಂಡರೆ ದೂರಿಗೆ ತೂಕ ಬರುತ್ತದೆ.

ಆದರೆ ಚಕ್ರದ ಕೆಸರಿಗೆ ತಾಡಪಾಲು ಏನೂ ಮಾಡದು. ಕೆಲಸದ ಜಾಗದಿಂದ ಡಾಂಬರಿಗೆ ಹತ್ತುವಲ್ಲಿ 15ರಿಂದ 20 ಮೀಟರ್ ಉದ್ದಕ್ಕೆ, ಒಂದಡಿ ದಪ್ಪಕ್ಕೆ ದೊಡ್ಡ ಜಲ್ಲಿ ಹಾಸಿದರೆ ಟಯರಿನ ಸಂದಿನ ಮಣ್ಣು ಅಲ್ಲೇ ಉದುರುತ್ತದೆ. ಜಲ್ಲಿಯ ನಡುವೆ ಮಣ್ಣು ತುಂಬಿ ಮೇಲೆ ಕಾಣತೊಡಗಿದಾಗ ಹಾಸನ್ನು ತೆಗೆದು ಹೊಸದು ಹಾಕಬೇಕು. ತುಂಬಿದ ಹಾಸು ಇದ್ದೂ ಇಲ್ಲದಂತೆ.

ಕಟ್ಟಡಗಳಿಗೂ ಇದೇ ಮಾತು. 2018ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆ ಮರಳು ಮಣ್ಣನ್ನು ಬಯಲಲ್ಲಿ ತೆರೆದಿಡುವುದನ್ನು, ರಸ್ತೆ ಬದಿಯಲ್ಲಿ ಸಾಮಾನು ರಾಶಿ ಹಾಕುವುದನ್ನು, ಹೊದಿಕೆಯಿಲ್ಲದ ಗಾಡಿಯಲ್ಲಿ ಸಾಗಿಸುವುದನ್ನು, ಬಯಲಲ್ಲಿ ಕಲ್ಲು ಟೈಲ್ಸ್ ಕೊರೆಯುವುದನ್ನು ನಿಷೇಧಿಸುತ್ತದೆ. ಅದು ಧೂಳಿನ ಮಿತಿ ಮೀರಿದ ಪೇಟೆಗಳಿಗೆಂದು ಹೊರಟದ್ದು. ನಮ್ಮ ಕಡೆ ಗುತ್ತಿಗೆದಾರರ ಜೊತೆ ಮಾತಾಡುವಾಗ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಡಾಂಬರು ಅಂಚು: ದುಬಾರಿ, ಆದರೆ ಉಳಿಯುವುದು ಇದೇ

ಗುತ್ತಿಗೆದಾರರು ಶೋಲ್ಡರ್ ಎನ್ನುವ ಈ ಪಟ್ಟಿ ಸಾಮಾನ್ಯವಾಗಿ ಒಂದೊಂದು ಬದಿಗೆ ಒಂದೂವರೆ ಮೀಟರ್. ಎದುರು ಲಾರಿ ಬಂದಾಗ ಬಸ್ಸು ಕೆಳಗಿಳಿಯುವುದು, ರಿಕ್ಷಾ ನಿಲ್ಲುವುದು, ಬೈಕು ತಿರುಗುವುದು ಎಲ್ಲ ಅಲ್ಲೇ. ಅದು ಮಣ್ಣಾಗಿದ್ದರೆ ಪ್ರತಿ ಇಳಿತಕ್ಕೂ ಒಂದಿಷ್ಟು ಮಣ್ಣು ಡಾಂಬರಿನ ಮೇಲೆ ಬಂದು ಪುಡಿಯಾಗುತ್ತದೆ. ರಸ್ತೆ ಕೆಲಸ ಮುಗಿದು ವರ್ಷವಾದರೂ ಧೂಳು ನಿಲ್ಲದ ಊರುಗಳಲ್ಲಿ ಕಾರಣ ಬಹುಪಾಲು ಇದು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಹಾಗಾಗಿ ಅಂಚಿನ ಆಯುಷ್ಯ ಡಾಂಬರಿಗಿಂತ ಹೆಚ್ಚಾಗಿ ಗಟಾರದ ಕೈಯಲ್ಲಿದೆ. ಅಡಿಯಲ್ಲಿ ಜಲ್ಲಿ ಹಾಸಿ ರೋಲರ್ ಹೊಡೆಯದೆ ಮಣ್ಣಿನ ಮೇಲೇ ತೆಳುವಾಗಿ ಡಾಂಬರು ಬಳಿದರೆ ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಏಳುತ್ತದೆ. ಅಂಚು ರಸ್ತೆಗಿಂತ ಎತ್ತರವಾದರೆ ನೀರು ರಸ್ತೆಯಲ್ಲೇ ನಿಲ್ಲುತ್ತದೆ, ತಗ್ಗಾದರೆ ಬೈಕಿನವರು ಬೀಳುತ್ತಾರೆ. ರಸ್ತೆಯ ಇಳಿಜಾರೇ ಮುಂದುವರಿದು ಗಟಾರಕ್ಕೆ ಸೇರಬೇಕು. ಧರೆಯ ಬುಡದಲ್ಲಿ ತಡೆಗೋಡೆ, ಗಟಾರ ಇಲ್ಲದಿದ್ದರೆ ಮಳೆಗೆ ಇಳಿದ ಕೆಂಪು ಮಣ್ಣು ಹೊಸ ಅಂಚಿನ ಮೇಲೆ ಕೂತು ನವೆಂಬರಿನಲ್ಲಿ ಮತ್ತೆ ಧೂಳಾಗುತ್ತದೆ. ಹೆದ್ದಾರಿಗೆ ಕೂಡುವ ಪ್ರತಿ ಮಣ್ಣಿನ ಅಡ್ಡರಸ್ತೆಯ ಮೊದಲ ಹತ್ತು ಹದಿನೈದು ಮೀಟರನ್ನೂ ಗಟ್ಟಿ ಮಾಡಬೇಕು. ಅದನ್ನು ಬಿಟ್ಟರೆ ಅಲ್ಲಿಂದ ಕೆಸರು ಬರುತ್ತಲೇ ಇರುತ್ತದೆ.

ಅಂಚು ಹಾಕಿದ ಮೇಲೆ ಗುಡಿಸುವುದು ತಪ್ಪುವುದಿಲ್ಲ. ಒಣ ನೆಲವನ್ನು ಮಧ್ಯಾಹ್ನ ಪೊರಕೆಯಲ್ಲಿ ಗುಡಿಸಿದರೆ ಮೂಲೆಯಲ್ಲಿದ್ದ ಧೂಳು ಗಾಳಿಗೆ ಹೋಗುತ್ತದೆ. ಇಬ್ಬನಿ ಇರುವ ಬೆಳಿಗ್ಗೆ ಗುಡಿಸಿ, ಚೀಲಕ್ಕೆ ತುಂಬಿ ಒಯ್ಯಬೇಕು. ಗಟಾರಕ್ಕೆ ತಳ್ಳಿದರೆ ಜೂನಿನಲ್ಲಿ ಅದೇ ರಸ್ತೆಗೆ ವಾಪಸು.

ಒಂದು ಊರಿನ ಲೆಕ್ಕ

600 ಮೀಟರ್ ಪೇಟೆಬೀದಿ ಇರುವ ಒಂದು ಊರನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ 250 ಮೀಟರ್ ಸೇತುವೆ ಕೆಲಸಕ್ಕಾಗಿ ತಿರುಗಿಸಿದ 6 ಮೀಟರ್ ಅಗಲದ ಕಚ್ಚಾ ದಾರಿ. ಉಳಿದ 350 ಮೀಟರ್ ಡಾಂಬರಾಗಿದೆ, ಅಂಚು ಮಣ್ಣು. ಇಪ್ಪತ್ತು ಟಿಪ್ಪರುಗಳು ದಿನವೂ ಓಡುತ್ತವೆ. ದರಗಳನ್ನು ಲೆಕ್ಕದ ಸಲುವಾಗಿ ಹೀಗಿಟ್ಟುಕೊಳ್ಳೋಣ: ಸುಮಾರು 4,500 ಲೀಟರಿನ ಟ್ಯಾಂಕರಿಗೆ 800 ರೂಪಾಯಿ, ತಾಡಪಾಲಿಗೆ 5,000, ಅಂಚಿಗೆ ಚದರ ಮೀಟರಿಗೆ 1,000. ನಿಮ್ಮ ಊರಿನ ದರ ಹಾಕಿ ನೋಡಿಕೊಳ್ಳಿ.

ಇಡೀ 600 ಮೀಟರಿಗೆ 10 ಮೀಟರ್ ಅಗಲಕ್ಕೆ ನೀರು ಹೊಡೆಸಿದರೆ 6,000 ಚದರ ಮೀಟರ್. 0.6 ಲೀಟರಿನಂತೆ ಒಂದು ಸುತ್ತಿಗೆ 3,600 ಲೀಟರ್, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಐದು ಸುತ್ತಿಗೆ 18,000. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ ಇಟ್ಟಿರುವುದು 55 ಲೀಟರ್. ಅಂದರೆ ಮುನ್ನೂರಕ್ಕೂ ಹೆಚ್ಚು ಜನರ ನೀರು ರಸ್ತೆಗೆ ಹೋಯಿತು. ನಾಲ್ಕು ಟ್ಯಾಂಕರ್, 26 ದಿನ, ತಿಂಗಳಿಗೆ 83,200 ರೂಪಾಯಿ. ಡಾಂಬರಿನ ಭಾಗದಲ್ಲಿ ಅದರಿಂದ ಆದದ್ದು ಕೆಸರು ಮಾತ್ರ.

ಕಚ್ಚಾ ದಾರಿಗಷ್ಟೇ ಹೊಡೆದರೆ 1,500 ಚದರ ಮೀಟರ್, ಸುತ್ತಿಗೆ 900 ಲೀಟರ್, ದಿನಕ್ಕೆ 4,500. ಒಂದೇ ಟ್ಯಾಂಕರ್, ತಿಂಗಳಿಗೆ 20,800 ರೂಪಾಯಿ. ಟಿಪ್ಪರುಗಳ ತಾಡಪಾಲಿಗೆ ಒಟ್ಟು ಒಂದು ಲಕ್ಷ, ಅದು ಗಾಡಿ ಮಾಲೀಕರ ಹೊರೆ. ಉಳಿದ 350 ಮೀಟರಿನ ಎರಡೂ ಬದಿಯ ಅಂಚಿಗೆ 1,050 ಚದರ ಮೀಟರ್, ಹತ್ತೂವರೆ ಲಕ್ಷ. ಅಷ್ಟು ಒಮ್ಮೆಗೇ ಆಗದಿದ್ದರೆ ಬಸ್ ನಿಲ್ದಾಣ ಮತ್ತು ಅಂಗಡಿಗಳ ಎದುರಿನ 100 ಮೀಟರ್ ಮೊದಲು: 300 ಚದರ ಮೀಟರ್, ಮೂರು ಲಕ್ಷ. ಡಿಸೆಂಬರಿನಿಂದ ಮೇವರೆಗೆ ಆರು ತಿಂಗಳಲ್ಲಿ ನೀರಿನಲ್ಲಿ ಉಳಿದದ್ದೇ 3,74,400 ರೂಪಾಯಿ. ಈ ದುಡ್ಡು ಒಂದೇ ಜೇಬಿನದಲ್ಲ ನಿಜ: ನೀರು ಗುತ್ತಿಗೆದಾರರ ಒಪ್ಪಂದದಲ್ಲಿರುತ್ತದೆ, ಅಂಚು ರಸ್ತೆಯ ಇಲಾಖೆಯದು. ಆದರೆ ಸಭೆಯಲ್ಲಿ ಕೂತು ಏನನ್ನು ಕೇಳಬೇಕೆಂಬುದು ಈ ಅಂಕಿಗಳಿಂದ ತಿಳಿಯುತ್ತದೆ.

ಕೈಯಲ್ಲಿ ದುಡ್ಡೇ ಇಲ್ಲದ ಊರು ತಾಡಪಾಲು, ಗೇಟಿನ ಜಲ್ಲಿಹಾಸು ಮತ್ತು ವೇಗ ತಗ್ಗಿಸುವುದರಿಂದ ಶುರು ಮಾಡಲಿ. ಕಾಮಗಾರಿ ಇನ್ನೆರಡು ತಿಂಗಳಲ್ಲಿ ಮುಗಿಯುವುದಿದ್ದರೆ ನೀರಿನಲ್ಲೇ ಕಳೆಯಬಹುದು, ತಾತ್ಕಾಲಿಕ ದಾರಿಗೆ ಡಾಂಬರು ಕೇಳಿ ಹಟ ಹಿಡಿಯುವುದು ಬೇಡ. ಎದುರಿಗೆ ಶಾಲೆಯೋ ಆಸ್ಪತ್ರೆಯೋ ಒಣಮೀನು ಹರವುವ ಜಾಗವೋ ಇದ್ದು, ಕಾಗದದಲ್ಲಿ ಕೆಂಪೇ ಹೆಚ್ಚಿದ್ದರೆ ಅಂಚನ್ನು ಬಿಟ್ಟು ಬೇರೆ ದಾರಿಯಿಲ್ಲ.

ಅಂಚು ಬೇಕೆಂದು ತೀರ್ಮಾನವಾದರೆ ಅಕ್ಟೋಬರಿನ ಹೊತ್ತಿಗೆ ಗ್ರಾಮಸಭೆಯಲ್ಲಿ ಠರಾವು ಆಗಬೇಕು. ಮಳೆಯಲ್ಲಿ ಡಾಂಬರು ಹಾಕುವಂತಿಲ್ಲ, ಟೆಂಡರು ಮುಗಿಯಲು ತಿಂಗಳುಗಳು ಬೇಕು, ಮೇ ಕೊನೆಗೆ ಅವಸರದಲ್ಲಿ ಹಾಕಿದ್ದು ನಿಲ್ಲುವುದಿಲ್ಲ. ಕೆಲಸಕ್ಕೆ ಮೊದಲು ಗುಡಿಸಿದ ಚೌಕದ ತೂಕ ಬರೆದಿಟ್ಟು, ಅದೇ ಚೌಕವನ್ನು ಮುಂದಿನ ಜನವರಿಯಲ್ಲಿ ಮತ್ತೆ ಗುಡಿಸಿ ತೂಗಿ. ಅದಕ್ಕೂ ಮೊದಲು, ಜೂನಿನ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹೋಗಿ ಅಂಚಿನ ಮೇಲೆ ನಿಂತು ನೋಡಿ. ನೀರು ಪಾದದ ಮೇಲಿಂದ ಹಾದು ಗಟಾರಕ್ಕೆ ಇಳಿಯುತ್ತಿದ್ದರೆ ಸರಿ, ಕೆಂಪಾಗಿ ನಿಂತಿದ್ದರೆ ಗುತ್ತಿಗೆದಾರರನ್ನು ಅಂದೇ ಕರೆಸಿ ತೋರಿಸಿ.